ಗೃಹಪರ್ಯಾಯ ಮೀಮಾಂಸೆ: ಘಟ್ಟದ ಮೇಲಿನ ಮೂರು ತಾಲೂಕುಗಳಲ್ಲಿ ಸಗಣಿ, ಅಂಗಳ ಮತ್ತು ಎಂಜಲು ಪಾತ್ರೆಗಳ ನ್ಯಾಯಬದ್ಧ ಹಂಚಿಕೆ

ಪ್ರತಿದಿನ ಹುಟ್ಟಿ, ಪ್ರತಿದಿನ ಮುಗಿದು, ಮಾಡಿದ ಗುರುತೇ ಉಳಿಯದಂತೆ ಮರುದಿನ ಮತ್ತೆ ಹುಟ್ಟುವ ಮನೆಗೆಲಸಗಳನ್ನು ಈ ಶಾಸ್ತ್ರದಲ್ಲಿ ನಿತ್ಯಕರ್ಮಗಳೆಂದೂ, ಅವುಗಳನ್ನು ಮಾಡಬೇಕಾದ ಮಕ್ಕಳ ಹೆಸರುಗಳನ್ನು ದಿನವಾರು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ ಹಾಳೆಯನ್ನು ಪಾಳಿಪಟವೆಂದೂ, ಆ ಹಾಳೆಯನ್ನು ಕಂಡೊಡನೆ ಮಕ್ಕಳಲ್ಲಿ ಉಂಟಾಗುವ ತಲೆನೋವನ್ನು ಪಟಜನ್ಯ ಶಿರಶ್ಶೂಲವೆಂದೂ ಕರೆಯಲಾಗುತ್ತದೆ. ಪ್ರಸ್ತುತ ಪ್ರಬಂಧದ ವ್ಯಾಪ್ತಿಯು ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ಅಡಿಕೆ ತೋಟದ ಮನೆಗಳಿಗೆ ಸೀಮಿತವಾಗಿದೆ. ಏಕೆಂದರೆ ಕೊಟ್ಟಿಗೆ, ವಿಶಾಲವಾದ ಅಂಗಳ, ದೇವರ ಹೂವು, ಹೇಳದೆ ಬಂದರೂ ಊಟ ಮಾಡಿಯೇ ಹೋಗುವ ನೆಂಟರು, ಇವೆಲ್ಲವೂ ಒಂದೇ ಸೂರಿನಡಿ ದೊರೆಯುವುದರಿಂದ ಸಂಶೋಧನೆಗೆ ಇದಕ್ಕಿಂತ ಅನುಕೂಲವಾದ ಕ್ಷೇತ್ರ ಬೇರೆಲ್ಲೂ ಸಿಗುವಂತಿಲ್ಲ.

ಪಾಳಿಯ ಪ್ರಶ್ನೆಯನ್ನು ಕರ್ನಾಟಕದಲ್ಲಿ ಗಂಭೀರವಾಗಿ ಪರಿಶೀಲಿಸಿದ ಮಹನೀಯರ ಪೈಕಿ ಅಗ್ರಗಣ್ಯರಾದ ವಾದಿರಾಜರ ಬೃಂದಾವನವು ಶಿರಸಿ ತಾಲೂಕಿನ ಸೋಂದೆಯಲ್ಲಿಯೇ ಇರುವುದನ್ನು ಸ್ಥಳೀಯ ಪಾಳಿಪಟಕಾರರು ಇದುವರೆಗೆ ಗಮನಿಸದಿರುವುದು ಆಶ್ಚರ್ಯಕರವಾಗಿದೆ. ಉಡುಪಿಯ ಶ್ರೀಕೃಷ್ಣನ ಪೂಜೆಯನ್ನು ಎಂಟು ಮಠಗಳು ತಲಾ ಎರಡು ತಿಂಗಳಂತೆ ಸರದಿಯಲ್ಲಿ ನಡೆಸುತ್ತಿದ್ದ ಪದ್ಧತಿಯನ್ನು ಅವರು ಎರಡೆರಡು ವರ್ಷಗಳಿಗೆ ವಿಸ್ತರಿಸಿದರು. 1522ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಹದಿನಾರು ವರ್ಷಗಳಿಗೊಮ್ಮೆ ಒಂದು ಸುತ್ತು ಪೂರ್ಣಗೊಳ್ಳುತ್ತದೆ. ಈ ಸುಧಾರಣೆಯಿಂದ ಗೃಹಶಾಸ್ತ್ರಕ್ಕೆ ದೊರೆಯುವ ಪಾಠ ಮುಖ್ಯವಾದುದು: ಪಾಳಿ ತೀರ ಚಿಕ್ಕದಾದರೆ ಕೆಲಸಕ್ಕೆ ಕೈ ಕೂಡುವಷ್ಟರಲ್ಲಿಯೇ ಅದನ್ನು ಬಿಟ್ಟುಕೊಡುವ ಹೊತ್ತು ಬಂದಿರುತ್ತದೆ ಮತ್ತು ಹಸ್ತಾಂತರಗಳ ಸಂಖ್ಯೆ ಹೆಚ್ಚಿದಷ್ಟೂ ಜಗಳಗಳ ಸಂಖ್ಯೆಯೂ ಹೆಚ್ಚುತ್ತದೆ. ಆದರೆ ಪರ್ಯಾಯವು ಮನೆಗೆ ಯಥಾವತ್ತಾಗಿ ಅನ್ವಯಿಸುವುದಿಲ್ಲ. ಅಷ್ಟಮಠಗಳು ಪರಸ್ಪರ ಸಮಾನವಾದವು, ಮತ್ತು ಅವುಗಳಲ್ಲಿ ಯಾವುದೂ ನಾಲ್ಕನೆಯ ತರಗತಿಯಲ್ಲಿ ಓದುತ್ತಿಲ್ಲ. ಸಮಾನರಲ್ಲದವರ ನಡುವೆ ಸಮಾನವಾಗಿ ಸುತ್ತುವ ಸರದಿಯು ನ್ಯಾಯದಂತೆ ತೋರುವ ಅನ್ಯಾಯವೆಂಬುದೇ ಈ ಪ್ರಬಂಧದ ಪ್ರತಿಪಾದ್ಯವಾಗಿದೆ.

ಸಿದ್ಧಾಂತದ ಅನುಕೂಲಕ್ಕಾಗಿ ಸಿದ್ದಾಪುರದ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿನ ಹಿರಿಯ ಮಗಳು ಪಿಯುಸಿ ಓದುತ್ತ ಬೆಳಗಿನ ಬಸ್ಸಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮರಳುವುದರಿಂದ ಆಕೆಗೆ ದಿನಕ್ಕೆ ಅರವತ್ತು ನಿಮಿಷಗಳ ಬಿಡುವಿದೆ. ಎಂಟನೆಯ ತರಗತಿಯ ಮಾಣಿಗೆ, ಅಂದರೆ ಹುಡುಗನಿಗೆ, ನೂರು ನಿಮಿಷಗಳಿವೆ. ನಾಲ್ಕನೆಯ ತರಗತಿಯ ಕೂಸಿಗೆ, ಅಂದರೆ ಹುಡುಗಿಗೆ, ಎಂಬತ್ತು ನಿಮಿಷಗಳಿವೆ. ಕೊನೆಯವನಿಗೆ ಐದು ವರ್ಷವಾಗಿದ್ದು, ಆತನ ಬಿಡುವು ಅಪರಿಮಿತವಾಗಿದೆಯಾದರೂ ಆತನಿಂದ ಕೆಲಸ ಹೆಚ್ಚುವುದೇ ಹೊರತು ಕಡಿಮೆಯಾಗದ ಕಾರಣ ಗಣಿತದಲ್ಲಿ ಆತನನ್ನು ಶೂನ್ಯವೆಂದು ಹಿಡಿದು, ಗೌರವಾರ್ಥವಾಗಿ ಹೂಬುಟ್ಟಿ ಹಿಡಿದು ನಿಲ್ಲುವ ಪದವಿಯನ್ನು ನೀಡಲಾಗಿದೆ. ಬಿಡುವೊಂದೇ ಸಾಲದು, ಕಸುವನ್ನೂ ಎಣಿಸಬೇಕು. ಕೂಸು ಒಂದು ನಿಮಿಷದಲ್ಲಿ ಮಾಡುವ ಕೆಲಸವು ಅಕ್ಕನ ಅರ್ಧ ನಿಮಿಷದ ಕೆಲಸಕ್ಕೆ ಸಮವೆಂದು ತಿಳಿದರೆ ಅವಳ ಎಂಬತ್ತು ನಲವತ್ತಾಗುತ್ತದೆ. ಆಗ ಮೂವರ ಒಟ್ಟು ಬಲ ಇನ್ನೂರು, ಮತ್ತು ಅವರ ಪಾಲುಗಳು ಕ್ರಮವಾಗಿ ನೂರಕ್ಕೆ ಮೂವತ್ತು, ಐವತ್ತು ಮತ್ತು ಇಪ್ಪತ್ತು.

ಇಷ್ಟರಿಂದ ಜನರ ತೂಕ ತಿಳಿಯಿತು. ಕೆಲಸಗಳ ತೂಕವನ್ನು ತಿಳಿಯುವುದು ಇನ್ನೂ ಸೂಕ್ಷ್ಮವಾದ ವಿಷಯ. ಕೊಟ್ಟಿಗೆಯಲ್ಲಿ ಸಗಣಿ ಬಾಚಿ ಗೊಬ್ಬರಗುಂಡಿಗೆ ಹಾಕುವುದಕ್ಕೂ ಅಂಗಳ ಗುಡಿಸುವುದಕ್ಕೂ ಇಪ್ಪತ್ತಿಪ್ಪತ್ತು ನಿಮಿಷಗಳೇ ತಗಲುತ್ತವೆಯಾದರೂ ಇವೆರಡೂ ಸಮವೆಂದು ಹೇಳುವ ಧೈರ್ಯವನ್ನು ಕೊಟ್ಟಿಗೆಗೆ ಇಳಿಯದ ಪಂಡಿತರು ಮಾತ್ರ ತೋರಬಲ್ಲರು. ಇದಕ್ಕೆ ಪರಿಹಾರವಾಗಿ ವಿನಿಮಯ ಪ್ರಶ್ನೆಯೆಂಬ ವಿಧಾನವನ್ನು ಬಳಸಲಾಗುತ್ತದೆ. ‘ಸಗಣಿ ಬಾಚುವುದನ್ನು ತಪ್ಪಿಸಿಕೊಳ್ಳಲು ಎಷ್ಟು ಹೊತ್ತು ಅಂಗಳ ಗುಡಿಸುತ್ತೀ?’ ಎಂದು ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಬಂದ ಉತ್ತರಗಳಲ್ಲಿ ನಡುವಿನದನ್ನು ಆಯ್ದುಕೊಳ್ಳಬೇಕು. ಒಟ್ಟಿಗೆ ಕೂರಿಸಿ ಕೇಳಿದರೆ ಉತ್ತರಗಳು ಹರಾಜಿನ ಕೂಗಿನಂತೆ ಏರುತ್ತವೆ. ಕಲ್ಪಿತ ಮನೆಯಲ್ಲಿ ಈ ಬಗೆಯಿಂದ ಸಗಣಿಗೆ ನಲವತ್ತು, ರಾತ್ರಿಯ ಪಾತ್ರೆಗೆ ಮೂವತ್ತು, ಅಂಗಳಕ್ಕೆ ಇಪ್ಪತ್ತು ಅಂಕಗಳು ಬಂದವು. ಹೂ ಕೊಯ್ಯಲು ಹದಿನೈದು ನಿಮಿಷ ಬೇಕಾದರೂ ಅದು ಆಟಕ್ಕೆ ಹತ್ತಿರವಾದ ಕರ್ಮವಾದ್ದರಿಂದ ಹತ್ತೇ ಅಂಕ ದೊರೆಯಿತು. ಹೀಗೆ ದಿನಕ್ಕೆ ನೂರು, ವಾರಕ್ಕೆ ಏಳುನೂರು ಅಂಕಗಳ ಕರ್ಮವು ಮನೆಯಲ್ಲಿ ಉತ್ಪತ್ತಿಯಾಗುತ್ತದೆ.

ಇವುಗಳಲ್ಲಿ ಹಿರಿಯಳಿಗೆ ಇನ್ನೂರ ಹತ್ತು, ಮಾಣಿಗೆ ಮುನ್ನೂರ ಐವತ್ತು, ಕೂಸಿಗೆ ನೂರ ನಲವತ್ತು ಅಂಕಗಳು ಸಲ್ಲಬೇಕು. ಕೂಸು ಆಕಳ ಕಾಲಬುಡಕ್ಕೆ ಹೋಗುವಂತಿಲ್ಲ, ಹಿತ್ತಾಳೆಯ ದೊಡ್ಡ ಪಾತ್ರೆಗಳನ್ನು ಎತ್ತುವಂತಿಲ್ಲ. ಆದ್ದರಿಂದ ಅಸಮರ್ಥರ ಪಾಲನ್ನು ಮೊದಲು ತುಂಬಬೇಕೆಂಬ ನಿಯಮದಂತೆ ಏಳೂ ದಿನದ ಹೂವು ಮತ್ತು ಒಂದು ವಾರ ಮೂರು, ಇನ್ನೊಂದು ವಾರ ನಾಲ್ಕು ದಿನದ ಅಂಗಳ ಅವಳಿಗೆ ಸೇರಿ, ಸರಾಸರಿಯಲ್ಲಿ ನೂರ ನಲವತ್ತು ಸರಿಯಾಗಿ ತುಂಬುತ್ತದೆ. ಮೂರು ದಿನದ ಕೊಟ್ಟಿಗೆಯಿಂದ ನೂರ ಇಪ್ಪತ್ತು, ಮೂರು ರಾತ್ರಿಯ ಪಾತ್ರೆಯಿಂದ ತೊಂಬತ್ತು ಸೇರಿ ಹಿರಿಯಳ ಇನ್ನೂರ ಹತ್ತು ಪೂರ್ಣವಾಗುತ್ತದೆ. ಉಳಿದ ನಾಲ್ಕು ಕೊಟ್ಟಿಗೆ, ನಾಲ್ಕು ಪಾತ್ರೆ ಮತ್ತು ಅಂಗಳದ ಶೇಷಭಾಗ ಮಾಣಿಯದು. ಅದು ಮುನ್ನೂರ ಐವತ್ತಕ್ಕೆ ಒಂದಂಕವೂ ಹೆಚ್ಚುಕಡಿಮೆಯಿಲ್ಲದೆ ಕೂಡುತ್ತದೆ, ಮತ್ತು ಈ ಕೂಡಿಕೆಯ ಸೌಂದರ್ಯವನ್ನು ಸವಿಯುವ ಮನಃಸ್ಥಿತಿಯಲ್ಲಿ ಮಾಣಿಯೊಬ್ಬನು ಮಾತ್ರ ಇರುವುದಿಲ್ಲ. ಮನೆಯ ಅರ್ಧ ಕೆಲಸ ತನ್ನದೇ ಎಂಬ ಆತನ ಆಕ್ಷೇಪವು ನಿಜವೇ ಆಗಿದೆ. ಮೂವರ ಬಿಡುವಿನ ಬಲದಲ್ಲಿ ಅರ್ಧವೂ ಆತನದೇ ಎಂಬುದು ಶಾಸ್ತ್ರದ ಉತ್ತರ. ಮೂವರಿಗೂ ಸರಿಸಮನಾಗಿ ಹಂಚಿದ್ದರೆ ಹಿರಿಯಳು ಬಸ್ಸು ತಪ್ಪಿಸಿಕೊಳ್ಳುತ್ತಿದ್ದಳು, ಕೂಸಿನ ಪಾಲಿನ ಸಗಣಿಯನ್ನು ಆಯಿಯೇ, ಅಂದರೆ ತಾಯಿಯೇ, ಬಾಚುತ್ತಿದ್ದಳು. ಪಾಳಿಪಟದಲ್ಲಿ ಹೆಸರಿಲ್ಲದವರು ಕೆಲಸ ಮಾಡುತ್ತಿರುವುದು ಪಟವು ಕೆಟ್ಟಿದೆಯೆಂಬುದಕ್ಕೆ ಮೊದಲ ಲಕ್ಷಣವಾಗಿದೆ.

ಎರಡನೆಯ ಲಕ್ಷಣವು ಸಂಧಿಕಾಲದಲ್ಲಿ, ಅಂದರೆ ಒಬ್ಬರ ಪಾಳಿ ಮುಗಿದು ಇನ್ನೊಬ್ಬರದು ತೊಡಗುವ ಹೊತ್ತಿನಲ್ಲಿ, ಕಂಡುಬರುತ್ತದೆ. ರಾತ್ರಿ ಬಿದ್ದು ಬೆಳಿಗ್ಗೆ ಕಾಣಿಸುವ ಸಗಣಿ ಯಾರ ಪಾಲಿನದೆಂಬ ವಿಷಯದಲ್ಲಿ ಮೂರು ಮತಗಳಿವೆ. ಬಿದ್ದ ಕಾಲವೇ ಪ್ರಮಾಣವೆಂಬುದು ಪತನವಾದ. ಕಂಡ ಕಾಲವೇ ಪ್ರಮಾಣವೆಂಬುದು ದರ್ಶನವಾದ. ಅಜ್ಜಿಯ ಕಣ್ಣಿಗೆ ಮೊದಲು ಸಿಕ್ಕವರೇ ಬಾಚತಕ್ಕದ್ದೆಂಬುದು ಸಾನ್ನಿಧ್ಯವಾದ. ಈ ಪೈಕಿ ಮೂರನೆಯದಕ್ಕೆ ತಾರ್ಕಿಕ ಆಧಾರ ಯಾವುದೂ ಇಲ್ಲದಿದ್ದರೂ ಮೂರೂ ತಾಲೂಕುಗಳಲ್ಲಿ ಚಾಲ್ತಿಯಲ್ಲಿರುವುದು ಅದೇ. ದಿನಕ್ಕೊಬ್ಬರಂತೆ ಕೊಟ್ಟಿಗೆಯನ್ನು ಹಂಚಿದರೆ ವಾರಕ್ಕೆ ಏಳು ಸಂಧಿಗಳೂ ಏಳು ವಾಗ್ವಾದಗಳೂ ಉಂಟಾಗುತ್ತವೆ; ವಾದಿರಾಜರ ಮಾರ್ಗದಲ್ಲಿ ಮಾಣಿಗೆ ಸತತವಾಗಿ ನಾಲ್ಕು, ಹಿರಿಯಳಿಗೆ ಸತತವಾಗಿ ಮೂರು ದಿನ ಕೊಟ್ಟರೆ ಸಂಧಿಗಳು ಎರಡಕ್ಕಿಳಿಯುತ್ತವೆ. ಬಿಟ್ಟುಕೊಡುವವರು ನೆಲ ತೊಳೆದು ತೋರಿಸಬೇಕು, ಪಡೆಯುವವರು ನೋಡಿ ಒಪ್ಪಬೇಕು, ಕೂಸು ಸಾಕ್ಷಿಯಾಗಿ ನಿಲ್ಲಬೇಕು. ಭಾನುವಾರವು ಸದಾ ಒಬ್ಬರ ಪಾಲಿಗೇ ಬೀಳದಂತೆ ಪ್ರತಿ ವಾರವೂ ಆರಂಭದ ದಿನವನ್ನು ಒಂದು ದಿನ ಮುಂದಕ್ಕೆ ಸರಿಸಿದರೆ ಏಳು ವಾರಗಳಲ್ಲಿ ಸುತ್ತು ಮುಗಿಯುತ್ತದೆ.

ಪರೀಕ್ಷೆಯೆಂಬುದು ಈ ಶಾಸ್ತ್ರದಲ್ಲಿ ಪಾಳಿಯಿಂದ ಮುಕ್ತಿ ಕೊಡಿಸುವ ಮಹಾಮಂತ್ರ. ‘ಯಂಗೆ ನಾಳೆ ಪರೀಕ್ಷೆ ಇದ್ದು’ ಎಂಬ ವಾಕ್ಯವನ್ನು ವರ್ಷದ ಯಾವುದೇ ತಿಂಗಳಲ್ಲಿ ಉಚ್ಚರಿಸಬಹುದಾಗಿದ್ದು, ಅದನ್ನು ಪರಿಶೀಲಿಸುವ ಸಾಧನ ವೇಳಾಪಟ್ಟಿಯೊಂದೇ. ನಿಜವಾದ ಪರೀಕ್ಷೆಗೆ ಬಿಡುವು ಕೊಡಲೇಬೇಕು, ಆದರೆ ದಾನವಾಗಿ ಅಲ್ಲ, ಸಾಲವಾಗಿ. ಹಿರಿಯಳಿಗೆ ಪರೀಕ್ಷೆಯ ಮೂರು ವಾರ ವಿನಾಯಿತಿ ಕೊಟ್ಟರೆ ಆರುನೂರ ಮೂವತ್ತು ಅಂಕಗಳು ಅವಳ ಹೆಸರಿನಲ್ಲಿ ಬಾಕಿಯಾಗುತ್ತವೆ. ಬೇಸಿಗೆ ರಜೆಯಲ್ಲಿ ವಾರಕ್ಕೆ ನೂರ ಐದರಂತೆ ಹೆಚ್ಚುವರಿಯಾಗಿ ತೀರಿಸಿದರೆ ಆರು ವಾರಗಳಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. ಬಡ್ಡಿ ಹಾಕಬೇಕೆಂಬ ಮಾಣಿಯ ವಾದವನ್ನು, ಮುಂದೆ ಆತನಿಗೂ ಎಸ್ಸೆಸ್ಸೆಲ್ಸಿ ಬರಲಿದೆಯೆಂಬ ಒಂದೇ ಕಾರಣದಿಂದ, ಆತನೇ ಹಿಂತೆಗೆದುಕೊಂಡನು.

ಋತುಭೇದದಿಂದ ಪಟವು ವರ್ಷಕ್ಕೆ ಎರಡು ಸಲವಾದರೂ ಹಳೆಯದಾಗುತ್ತದೆ. ಮಳೆಗಾಲದಲ್ಲಿ ಅಂಗಳ ಗುಡಿಸುವ ಪ್ರಶ್ನೆಯೇ ಇಲ್ಲವಾದ್ದರಿಂದ ವಾರಕ್ಕೆ ನೂರ ನಲವತ್ತು ಅಂಕಗಳು ಆವಿಯಾಗಿ, ಕೂಸು ಏಕಾಏಕಿ ಹೂವನ್ನಷ್ಟೇ ಅವಲಂಬಿಸಿದ ಸುಖಜೀವಿಯಾಗುತ್ತದೆ. ಬಚ್ಚಲೊಲೆಯ ಮೇಲಿನ ತಂತಿಯಲ್ಲಿ ಒಣಗದ ಬಟ್ಟೆಗಳನ್ನು ಮಗುಚಿ ಹಾಕುವ ಕರ್ಮವನ್ನು ಹೊಸದಾಗಿ ತೂಗಿ ಅವಳ ಪಾಲಿಗೆ ಸೇರಿಸಬೇಕಾಗುತ್ತದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಸುಲಿಯಲು ಬಂದವರೆಲ್ಲ ರಾತ್ರಿ ಚಾ ಕುಡಿಯುವುದರಿಂದ ಪಾತ್ರೆಯ ಮೂವತ್ತು ಅಂಕ ಅರವತ್ತಾಗುತ್ತದೆ. ಎರಡು ವರ್ಷಗಳಿಗೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಬಂದಾಗ ಪಟವನ್ನು ಬಾಗಿಲಿನಿಂದ ಕಿತ್ತಿಡುವುದೇ ಲೇಸು. ಆ ದಿನಗಳಲ್ಲಿ ಪಾಳಿಯನ್ನು ಪಾಲಿಸಿದ ಮನೆಯ ಉದಾಹರಣೆ ಶಾಸ್ತ್ರಕಾರರಿಗೆ ದೊರೆತಿಲ್ಲ.

ಕೊನೆಯದಾಗಿ ಅಪ್ಪಯ್ಯನ ಪ್ರಶ್ನೆ ಉಳಿಯುತ್ತದೆ. ತೋಟದ ಕೆಲಸ ಮುಗಿಸಿ ಬಂದ ಮೇಲೆ ಆತನು ಜಗುಲಿಯಲ್ಲಿ ಕವಳ ಹಾಕುತ್ತ ಮಕ್ಕಳ ಕೆಲಸಗಳ ಬಗ್ಗೆ ಆಗಾಗ ಒಂದೊಂದು ಮಾತು ಹೇಳುವುದು ಮೇಲ್ವಿಚಾರಣೆಯೆಂಬ ನಿತ್ಯಕರ್ಮವೇ ಆಗಿದ್ದು, ಅದಕ್ಕೂ ಅಂಕ ಸಲ್ಲಬೇಕೆಂದು ಆತನ ಪಕ್ಷವು ವಾದಿಸುತ್ತದೆ. ನ್ಯಾಯವು ಎಲ್ಲರಿಗೂ ಒಂದೇ ಆದ್ದರಿಂದ ಇದನ್ನೂ ವಿನಿಮಯ ಪ್ರಶ್ನೆಗೆ ಒಳಪಡಿಸಲಾಯಿತು. ಮೇಲ್ವಿಚಾರಣೆಯನ್ನು ತಪ್ಪಿಸಿಕೊಳ್ಳಲು ಎಷ್ಟು ಗುಡಿಸುತ್ತೀರೆಂದು ಕೇಳಿದಾಗ, ಅದನ್ನು ತಮಗೆ ಕೊಡುವುದಾದರೆ ತಲಾ ಇಪ್ಪತ್ತು ನಿಮಿಷ ಗುಡಿಸಲು ಸಿದ್ಧರೆಂದು ಮೂವರೂ ಬೇರೆ ಬೇರೆಯಾಗಿಯೇ ಉತ್ತರಿಸಿದರು. ಹೀಗೆ ಮೇಲ್ವಿಚಾರಣೆಯ ತೂಕವು ಶೂನ್ಯಕ್ಕಿಂತಲೂ ಇಪ್ಪತ್ತು ಕೆಳಗಿರುವುದು ಸಿದ್ಧವಾಗಿ, ಅದನ್ನು ಮಾಡಿದ ಪ್ರತಿ ಸಂಜೆಯೂ ಅಪ್ಪಯ್ಯನ ಬಾಕಿಗೆ ಅಷ್ಟಷ್ಟು ಸೇರುತ್ತ ಹೋಗಿ, ವಾರಕ್ಕೆ ನೂರ ನಲವತ್ತರಂತೆ ಬೆಳೆಯುತ್ತದೆ. ಈ ಮೊತ್ತವು ಕೂಸಿನ ವಾರದ ಪಾಲಿಗೆ ಸರಿಸಮನಾಗಿರುವುದನ್ನು ಗುರುತಿಸಿದ್ದು ಕೂಸೇ. ಲೆಕ್ಕದ ಹಾಳೆಯನ್ನು ಅಪ್ಪಯ್ಯನ ಮುಂದಿಡಲು ಎರಡು ಸಲ ಪ್ರಯತ್ನಿಸಲಾಗಿದ್ದು, ಎರಡೂ ಸಲ ಆತನಿಗೆ ಶಿರಸಿಯಲ್ಲಿ ಸೊಸೈಟಿಯ ತುರ್ತು ಕೆಲಸವಿತ್ತು.