ಒಂದು ಹಾಳೆಗೆ ಹೆದರುವ ವೀರ

ಮೂರು ಜನರ ಗೇಮ್ ತಂಡವೆಂದರೆ ಕೋಡ್ ಬರೆಯುವವನೊಬ್ಬ, ಚಿತ್ರ ಬಿಡಿಸುವವಳೊಬ್ಬಳು, ಉಳಿದವನು ನಮ್ಮ ಕಥಾನಾಯಕ, ಡಿಸೈನರ್. ಕೆಲಸ ಶುರುವಾಗುವ ಮುಂಚೆ ಒಂದು ಪುಟದ ವಿನ್ಯಾಸ ಬರೆದುಕೊಡು ಎಂದರೆ ಇವನಿಂದ ಬರುವ ಉತ್ತರ ಎರಡೇ ಬಗೆ. ಒಂದು, 'ಎಲ್ಲಾ ತಲೇಲಿದೆ ಗುರು, ಬರಿಯೋದೇನಿದೆ?' ಇನ್ನೊಂದು, ಮೂರು ವಾರ ನಾಪತ್ತೆಯಾಗಿ, ಖಳನಾಯಕನ ಅಜ್ಜನ ಬಾಲ್ಯದಿಂದ ಆರಂಭವಾಗುವ ನೂರು ಪುಟದ ಗ್ರಂಥದೊಂದಿಗೆ ಪ್ರತ್ಯಕ್ಷನಾಗುವುದು. ಎರಡೂ ಒಂದೇ ಕಾಯಿಲೆ ಎಂಬುದು ನನ್ನ ವಾದ. ಏನನ್ನು ಬಿಡಬೇಕೆಂದು ತೀರ್ಮಾನಿಸುವ ಸಂಕಟವನ್ನು ಮೌನವೂ ತಪ್ಪಿಸುತ್ತದೆ, ಮಹಾಗ್ರಂಥವೂ ತಪ್ಪಿಸುತ್ತದೆ. ಒಂದೇ ಹಾಳೆ ಮಾತ್ರ ತಪ್ಪಿಸಿಕೊಳ್ಳಲು ಬಿಡುವುದಿಲ್ಲ.

ಇವನಿಗೆ ದೊಡ್ಡ ಪೂರ್ವಾಚಾರ್ಯರೇ ಇದ್ದಾರೆ. ಐಡಿ ಸಾಫ್ಟ್‌ವೇರ್‌ನ ಟಾಮ್ ಹಾಲ್ 1992ರ ಕೊನೆಯಲ್ಲಿ ಡೂಮ್ ಗೇಮ್‌ಗಾಗಿ ಪಾತ್ರ, ಕಥೆ, ಸ್ಥಳಗಳೆಲ್ಲ ತುಂಬಿದ 'ಡೂಮ್ ಬೈಬಲ್' ಬರೆದರು. 1993ರ ಡಿಸೆಂಬರ್‌ನಲ್ಲಿ ಗೇಮ್ ಹೊರಬಂದಾಗ ಆ ಕಥೆಯ ಬಹುಪಾಲು ಅದರಲ್ಲಿರಲಿಲ್ಲ. ಅಷ್ಟರಲ್ಲಿ ಹಾಲ್ ಕೂಡ ಕಂಪನಿಯಲ್ಲಿರಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ದೊಡ್ಡ ಸ್ಟುಡಿಯೊಗಳಲ್ಲೇ ದುಡಿದ ಸ್ಟೋನ್ ಲಿಬ್ರಾಂಡೆ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಒಂದು ಪುಟದ ವಿನ್ಯಾಸದ ಪರವಾಗಿ ಮಾತಾಡಿದ್ದರು. ಅವರ ಪುಟ ಪ್ರಬಂಧವಲ್ಲ, ನಡುವೆ ಚಿತ್ರ, ಸುತ್ತ ಟಿಪ್ಪಣಿ ಇರುವ ನಕ್ಷೆ. ನಮ್ಮ ನಾಯಕ ಈ ಭಾಷಣವನ್ನು ಮೆಚ್ಚಿಕೊಂಡಿದ್ದಾನೆ. ಮೆಚ್ಚಿ, ಅಕ್ಷರದ ಗಾತ್ರವನ್ನು 6ಕ್ಕೆ ಇಳಿಸಿ, ನೂರು ಪುಟವನ್ನೂ ಒಂದೇ ಹಾಳೆಗೆ ತುರುಕಿದ್ದಾನೆ.

'ಚೌಕಾಬಾರಕ್ಕೆ ಯಾವ ದಾಖಲೆ? ಎಲ್ಲರಿಗೂ ಗೊತ್ತಿರೋ ಆಟ' ಎಂಬುದು ಇವನ ಮೊದಲ ಆಕ್ಷೇಪ. ಸರಿ, ಅದನ್ನೇ ಮೊಬೈಲಿಗೆ ತರೋಣ. ಕೋಡ್ ಬರೆಯುವವನ ಮನೆಯಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಚಿತ್ರದವಳ ಮನೆಯಲ್ಲಿ ಆ ಕಟ್ಟಳೆಯೇ ಇಲ್ಲ, ಮೇಲಾಗಿ ಅವಳು ಬಿಡಿಸುತ್ತಿರುವುದು ಏಳು ಮನೆಯ ಹಾಸು, ಕೋಡಿನವನು ಬರೆಯುತ್ತಿರುವುದು ಐದರದ್ದು. ಎಲ್ಲರಿಗೂ ಗೊತ್ತಿರುವ ಆಟವೇ ಇಬ್ಬರ ತಲೆಯಲ್ಲಿ ಎರಡಾಗಿದ್ದರೆ, ಯಾರಿಗೂ ಗೊತ್ತಿಲ್ಲದ ಹೊಸ ಆಟದ ಗತಿ ಏನು?

ಇನ್ನು ಹಾಳೆಯ ತಲೆಯಲ್ಲಿ ನಾಯಕ ಬರೆದ ಒಂದು ವಾಕ್ಯ: 'ಬಸ್ಸಿನಲ್ಲಿ ಕೂತು ಹತ್ತು ನಿಮಿಷದಲ್ಲಿ ಮುಗಿಸುವ ನಾಲ್ಕು ಜನರ ಚೌಕಾಬಾರ.' ಕೇಳಲು ಸೊಗಸು. ಅದರ ಕೆಳಗೇ ಲೆಕ್ಕ ಹಾಕಿ. ಐದು ಮನೆಯ ಹಾಸಿನಲ್ಲಿ ಒಂದು ಕಾಯಿ ಹಣ್ಣಾಗಲು 24 ಹೆಜ್ಜೆ, ನಾಲ್ಕು ಕಾಯಿಗೆ 96. ನಾಲ್ಕು ಕವಡೆಗಳೂ ಸಮಸಮವಾಗಿ ಮಗುಚುತ್ತವೆ ಎಂದುಕೊಂಡರೆ, ನಾಲ್ಕು ಮತ್ತು ಎಂಟು 16 ಗರಗಳಲ್ಲಿ ಒಂದೊಂದು ಸಲ ಬೀಳುತ್ತವೆ, ಸರಾಸರಿ ಗರ ಎರಡೂವರೆ. ಅಂದರೆ ಗೆಲ್ಲುವವನಿಗೆ ಸುಮಾರು 38 ಗರ, ನಾಲ್ವರಿಗೂ ಸೇರಿ 150ರ ಮೇಲೆ. ಗರಕ್ಕೆ ಎಂಟು ಸೆಕೆಂಡ್ ಹಿಡಿದರೂ 20 ನಿಮಿಷ. ಕಾಯಿ ಹೊಡೆಸಿಕೊಂಡು ಹಿಂದೆ ಹೋಗುವ ದುಃಖವನ್ನು ಇನ್ನೂ ಸೇರಿಸಿಲ್ಲ. ಪ್ರಯಾಣಿಕ ಇಳಿದುಹೋಗುತ್ತಾನೆ, ಆಟ ಅರ್ಧದಲ್ಲೇ ಇರುತ್ತದೆ. ಇಬ್ಬರೇ ಆಟಗಾರರು, ತಲಾ ಎರಡೇ ಕಾಯಿ ಎಂದು ತಿದ್ದಿದರೆ ಸುಮಾರು ಐದು ನಿಮಿಷ; ಹೊಡೆತಗಳಿಗೂ ಜಾಗ ಉಳಿಯಿತು. ಈ ತಿದ್ದುಪಡಿಗೆ ತಗಲಿದ್ದು ಒಂದು ಪೆನ್ಸಿಲ್. ನಾಲ್ವರಿಗೆ ಸರ್ವರ್ ಕಟ್ಟಿ, 16 ಕಾಯಿ ಬಿಡಿಸಿದ ಮೇಲೆ ಹೊಳೆದಿದ್ದರೆ ತಗಲುತ್ತಿದ್ದುದು ಎರಡು ತಿಂಗಳು ಮತ್ತು ಸ್ವಲ್ಪ ಸ್ನೇಹ.

'ಆಟ ಮಾಡ್ತಾ ಮಾಡ್ತಾ ಬದಲಾಗುತ್ತೆ, ಮೊದಲೇ ಬರೆದರೆ ಸೃಜನಶೀಲತೆಗೆ ಬೇಲಿ' ಎಂಬ ಎರಡನೆಯ ಆಕ್ಷೇಪದಲ್ಲಿ ನಿಜವಿದೆ. ಕವಡೆ ಎಸೆದರೆ ಕೈಗೆ ಹಿತವೆನಿಸುತ್ತದೆಯೇ ಎಂಬುದನ್ನು ಯಾವ ಹಾಳೆಯೂ ಹೇಳದು. ಅದಕ್ಕೆ ಆಡಿಯೇ ನೋಡಬೇಕು. ಆದರೆ ಬದಲಾಗುತ್ತದೆ ಎನ್ನಲು ಯಾವುದರಿಂದ ಬದಲಾಯಿತೆಂದು ತಿಳಿದಿರಬೇಕಲ್ಲ? ಒಂದು ಪುಟವನ್ನು ಹರಿದು ಹೊಸದು ಬರೆಯಲು ಯಾರಿಗೂ ಹೊಟ್ಟೆಯುರಿಯುವುದಿಲ್ಲ. ನೂರು ಪುಟದ ಕರ್ತೃ ಒಂದು ಅಲ್ಪವಿರಾಮಕ್ಕೂ ಯುದ್ಧಕ್ಕೆ ನಿಲ್ಲುತ್ತಾನೆ. ಹಾಳೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದೂ ಸುಲಭ. ಎರಡು ನಿಮಿಷ ಓದಲು ಕೊಟ್ಟು, ಆಟಗಾರ ಮೊದಲ ಅರ್ಧ ನಿಮಿಷದಲ್ಲಿ ಏನು ಮಾಡುತ್ತಾನೆಂದು ತಂಡದ ಉಳಿದಿಬ್ಬರನ್ನೂ ಬೇರೆಬೇರೆ ಕೂರಿಸಿ ಚಿತ್ರ ಬಿಡಿಸಲು ಹೇಳಿ. ಎರಡು ಚಿತ್ರ ಹೊಂದದಿದ್ದರೆ ತಪ್ಪು ಓದಿದವರದಲ್ಲ.

ಎಲ್ಲಕ್ಕಿಂತ ಕಷ್ಟ ಹಾಳೆಯ ಕೊನೆಯ ಮೂಲೆ: 'ಈ ಆಟದಲ್ಲಿ ಇಲ್ಲದ್ದು'. ಚಾಟ್ ಇಲ್ಲ, ಪಂದ್ಯಾವಳಿ ಇಲ್ಲ, ಕವಡೆಗೆ ಬಣ್ಣದ ಅಂಗಿ ಮಾರುವ ಅಂಗಡಿ ಇಲ್ಲ. ನಮ್ಮ ನಾಯಕ ಅದನ್ನೂ ಬರೆದುಕೊಟ್ಟ, ನಗುನಗುತ್ತಲೇ. ಮರುದಿನ ನೋಡಿದರೆ ಆ ಮೂಲೆಯ ಶೀರ್ಷಿಕೆ ಮಾತ್ರ ಬದಲಾಗಿತ್ತು: 'ಎರಡನೇ ಭಾಗದಲ್ಲಿ ನಿರೀಕ್ಷಿಸಿ.'