ಕೆಡುವುದೆಲ್ಲ ಹೊರತು

ಹಳೆ ಕಾರು ಕೊಂಡವನಿಗೆ ನಮ್ಮ ಅಂಕೋಲೆ ಕಡೆ ಯಾರೂ ಶುಭ ಹಾರೈಸುವುದಿಲ್ಲ, "ಅಡಿಗೆ ತುಕ್ಕು ನೋಡಿದ್ಯಾ?" ಎಂದು ಕೇಳುತ್ತಾರೆ. ನಮ್ಮ ಭಾವ ಹುಬ್ಬಳ್ಳಿಯಿಂದ ಎಂಟು ವರ್ಷ ಹಳೆಯ ಡೀಸೆಲ್ ಕಾರು ತಂದಾಗ ಮಾತ್ರ ಎದೆಯುಬ್ಬಿಸಿ, "15,000 ಹೆಚ್ಚಿಗೆ ಕೊಟ್ಟು ವರ್ಷದ ವಾರಂಟಿ ಮಾಡಿಸಿದ್ದೆ ಮಾರಾಯ. ಏನು ಕೆಟ್ಟರೂ ಅವರ ತಲೆನೋವು" ಎಂದರು.

ವಾರಂಟಿ ಕಾಗದದ ಮೊದಲ ಪುಟದಲ್ಲಿ ದಪ್ಪಕ್ಷರದ 'ಎಂಜಿನ್, ಗೇರ್‌ಬಾಕ್ಸ್' ಇತ್ತು. ಒಳಪುಟಗಳ ಸಣ್ಣಕ್ಷರದಲ್ಲಿ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಬ್ಯಾಟರಿ, ಬುಶ್ಶು, ರಬ್ಬರ್ ಪೈಪು ಎಲ್ಲ ಹೊರತು: ಅವು ಸವೆಯುವ ಸಾಮಾನುಗಳಂತೆ. ತುಕ್ಕು, ನೀರು ನುಗ್ಗಿದ ಹಾನಿ, ಕೊಳ್ಳುವಾಗಲೇ ಇದ್ದ ದೋಷ, ಸರ್ವಿಸ್ ರಸೀದಿ ಇಲ್ಲದ ಗಾಡಿ, ಬಾಡಿಗೆ ಓಡಿಸಿದ ಗಾಡಿ ಕೂಡ ಹೊರತು. ಸಮುದ್ರದ ಉಪ್ಪುಗಾಳಿ, ಮಳೆಗಾಲ, ಅರಬೈಲ್ ಘಟ್ಟ, ಈ ಮೂರನ್ನೂ ಬಿಟ್ಟು ಅಂಕೋಲೆಯ ಕಾರಿಗೆ ಇನ್ನೇನು ಕಾಯಿಲೆ ಬರಬೇಕು?

ಬಂದದ್ದೂ ಹಾಗೆಯೇ. ಘಟ್ಟದಲ್ಲಿ ಅದಿರಿನ ಲಾರಿಯ ಹಿಂದೆ ಅರೆ ಕ್ಲಚ್ಚಿನಲ್ಲಿ ತೆವಳಿ ಪ್ಲೇಟು ಸುಟ್ಟಿತು. ಖರ್ಚು ಭಾವನದ್ದೇ. ಆಮೇಲೆ ರೇಡಿಯೇಟರಿನ ಪೈಪು ಒಡೆದು, ಉಷ್ಣಮಾಪಕದ ಮುಳ್ಳು ಕೆಂಪಿಗೇರಿತು. "ಬಾಳೆಗುಳಿಯ ಗ್ಯಾರೇಜು ಇಲ್ಲೇ ಅಲ್ವಾ" ಎಂದು ಭಾವ ಓಡಿಸಿಕೊಂಡೇ ಬಂದರು. ಹೆಡ್ ಗ್ಯಾಸ್ಕೆಟ್ ಹೋಯಿತು. ಅದು ಎಂಜಿನ್ನಿನೊಳಗಿನದು, ವಾರಂಟಿಗೆ ಸೇರಿದ್ದೇ! ಆದರೆ ಕಂಪನಿಯವರ ಉತ್ತರ ಸಿದ್ಧವಿತ್ತು: ಮೂಲ ಪೈಪು, ಪೈಪು ಹೊರತು, ಅದರಿಂದಾದ ಮುಂದಿನ ಹಾನಿಯೂ ಹೊರತು, ಮುಳ್ಳು ಕೆಂಪಾದ ಮೇಲೂ ಓಡಿಸಿದ್ದೀರಿ, ನಮ್ಮ ಒಪ್ಪಿಗೆಗೂ ಮೊದಲೇ ಎಂಜಿನ್ ಬಿಚ್ಚಿಸಿದ್ದೀರಿ.

ಬಾಳೆಗುಳಿಯ ಮೇಸ್ತ್ರಿ ಕಾಗದ ಓದಿ, "ಇದರಲ್ಲಿ ಬರೆದದ್ದು ಕೆಡುವುದಿಲ್ಲ ಸಾಹೇಬ್ರೆ, ಕೆಡುವುದು ಬರೆದಿಲ್ಲ" ಎಂದು ಕೈ ಒರೆಸಿಕೊಂಡ.

ಹಾಗಂತ ವಾರಂಟಿ ಪೂರಾ ದಂಡವಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಟರ್ಬೊ, ಡೀಸೆಲ್ ಇಂಜೆಕ್ಟರ್ ಇರುವ ಗಾಡಿಯಲ್ಲಿ ಒಂದೇ ರಿಪೇರಿ ಅರ್ಧ ಲಕ್ಷ ದಾಟಬಹುದು. ಆಗ ಈ ಭಾಗಗಳ ಹೆಸರು ಪಟ್ಟಿಯಲ್ಲಿದೆಯೇ, ಒಂದು ಕ್ಲೇಮಿನ ಮಿತಿ ಎಷ್ಟು, ಕೂಲಿಯೂ ಸೇರಿದೆಯೇ ಎಂದು ನೋಡಬೇಕು. ಮಿತಿ 20,000 ಇದ್ದು, ವರ್ಷದಲ್ಲಿ ಒಂದೇ ಕ್ಲೇಮು ಬಂದರೆ, 15,000 ಕೊಟ್ಟು ಕೊಂಡದ್ದು ಬರೀ 5,000ದ ಧೈರ್ಯ. ತಯಾರಕರದೇ ವಾರಂಟಿಯಾದರೆ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ನಡೆಯುತ್ತದೆ. ಬೇರೆಯವರದಾದರೆ ಅವರು ಹೇಳಿದ ಗ್ಯಾರೇಜಿಗೇ ಒಯ್ಯಬೇಕು. ಭಾವನ ಪಟ್ಟಿಯಲ್ಲಿ ಹತ್ತಿರದ್ದು ಹುಬ್ಬಳ್ಳಿ: ಕೆಟ್ಟ ಕಾರನ್ನು ಘಟ್ಟ ಹತ್ತಿಸಿ ಸುಮಾರು 130 ಕಿ.ಮೀ. ಎಳೆಸುವ ಬಾಡಿಗೆ ಯಾರದೆಂದು ಕೇಳಿದರೆ, ಅದೂ ಹೊರತು. ಮಳೆನೀರಿನ ಭಯವಿದ್ದರೆ ವಿಮೆಯಲ್ಲಿ ಎಂಜಿನ್ ರಕ್ಷಣೆಯ ಹೆಚ್ಚುವರಿ ಸಿಕ್ಕರೆ ಸೇರಿಸಿಕೊಳ್ಳುವುದೇ ದಾರಿ. ವಾರಂಟಿ ಆ ಕೆಲಸಕ್ಕಲ್ಲ.

ಸಾದಾ ಪೆಟ್ರೋಲ್, ಕೈ ಗೇರಿನ ಗಾಡಿಯಾದರೆ ಕೊಳ್ಳುವ ಮೊದಲೇ ಮೇಸ್ತ್ರಿಯನ್ನು ಕರೆದೊಯ್ದು ತೋರಿಸಿ, ವಾರಂಟಿಯ ದುಡ್ಡನ್ನು ಬ್ಯಾಂಕಿನಲ್ಲಿಡುವುದು ಲೇಸು. ಆ ಖಾತೆಗೆ ಕ್ಲಚ್ ಪ್ಲೇಟು, ರಬ್ಬರ್ ಪೈಪು ಎಂಬ ಭೇದವಿಲ್ಲ; ಕಾರು ಒಂದು ವೇಳೆ ಕೆಡದಿದ್ದರೆ ಬಡ್ಡಿಯೂ ಬರುತ್ತದೆ.