ಹಿಂದಕ್ಕೆ ಓಡುವ ಉಗಾದಿ

ಬಳ್ಳಾರಿಯ ಮನೆಯೊಂದರಲ್ಲಿ ಮೂರು ವರ್ಷದ ಕ್ಯಾಲೆಂಡರ್‌ಗಳು ಒಂದೇ ಮೊಳೆಗೆ ನೇತಾಡುತ್ತಿವೆ. ಹಾಲಿನ ಲೆಕ್ಕ ಬರೆದ ಹಾಳೆಯನ್ನು ಅಜ್ಜಿ ಹರಿಯಗೊಡುವುದಿಲ್ಲ. ಮೊಮ್ಮಗ ಅವುಗಳಲ್ಲೇ ಹಗರಣ ಪತ್ತೆ ಹಚ್ಚಿದ: ಉಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19!

“ಯಾಕಜ್ಜಿ, ಹಬ್ಬ ಹಿಂದಕ್ಕ ಓಡ್ತದ?” 2025ರದು ಭಾನುವಾರ ಬಂದು ಅವನದೊಂದು ರಜೆ ನುಂಗಿತ್ತು. ಆ ಸಿಟ್ಟು ಆರಿರಲಿಲ್ಲ.

“ಕ್ಯಾಲೆಂಡರ್ ಸೂರ್ಯಪ್ಪಂದು, ಉಗಾದಿ ಚಂದಪ್ಪಂದು. ಹನ್ನೆರಡು ಅಮಾಸಿಗೆ 354 ದಿನ ಆಗ್ತದ. ಸೂರ್ಯಪ್ಪಗ ಇನ್ನಾ 11 ದಿನ ಬಾಕಿ.”

“ಹಂಗಾದ್ರ ಉಗಾದಿ ಓಡಿ ಓಡಿ ದೀಪಾವಳಿಗೆ ಡಿಕ್ಕಿ ಹೊಡಿತದ?”

“ಬಾಕಿ ಒಂದು ತಿಂಗಳಷ್ಟಾದ್ರ ಅಧಿಕ ಮಾಸ ಸೇರಿಸ್ತಾರ, ಮಗಾ.”

ಅಜ್ಜಿಯ ಲೆಕ್ಕ ಸರಿ. ಸೂರ್ಯ ರಾಶಿ ಬದಲಿಸದ ಚಾಂದ್ರಮಾಸವೇ ಅಧಿಕ. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಸೇರಿದ್ದರಿಂದಲೇ 2027ರ ಉಗಾದಿ ಏಪ್ರಿಲ್ 7ಕ್ಕೆ ಜಿಗಿಯುತ್ತದೆ. ಮೊಹರಂಗೆ ಈ ಸೌಲಭ್ಯವಿಲ್ಲ. ತವರೂರು ಸಿರುಗುಪ್ಪದಲ್ಲಿ ಅಜ್ಜಿ ಅದನ್ನು ಬಿಸಿಲು, ಮಳೆ, ಚಳಿ ಮೂರರಲ್ಲೂ ಕಂಡವಳು.

ಅಧಿಕ ಮಾಸದಲ್ಲಿ ಅಳಿಯನಿಗೆ 33 ಕಜ್ಜಾಯ ಕೊಡುವ ಪದ್ಧತಿಯನ್ನೂ ಅಜ್ಜಿ ಹೇಳಿದಳು. ಪೇಪರ್ ಹಿಂದೆ ಕೂತಿದ್ದ ಕುರುಗೋಡಿನ ಅಳಿಯ ಖಗೋಳಶಾಸ್ತ್ರದಲ್ಲಿ ಏಕಾಏಕಿ ಆಸಕ್ತಿ ತಾಳಿ, ಮುಂದಿನದು ಯಾವಾಗ ಎಂದು ಕೇಳಿದರು.